ಸಣ್ಣಕ್ಷರದ ಅಕ್ಕ ಮತ್ತು ನೀಲಿ ಪೆಟ್ಟಿಗೆಗಳು

ಔಷಧದಂಗಡಿಯ ಗೋಡೆಯಲ್ಲಿ, ಗಡಿಯಾರಕ್ಕೂ ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೂ ನಡುವೆ, ಗಾಜಿನ ಚೌಕಟ್ಟು ಹಾಕಿದ ಒಂದು ಪ್ರಮಾಣಪತ್ರ ಮೂವತ್ತೊಂದು ವರ್ಷ ತೂಗಾಡಿತು. ಅದರ ಮೂಲೆಯ ಭಾವಚಿತ್ರದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಹುಬ್ಬು ಗಂಟಿಕ್ಕಿ, ಭಾವಚಿತ್ರ ತೆಗೆಯುವವನನ್ನೇ ಏನೋ ಪ್ರಶ್ನೆ ಕೇಳುವವಳಂತೆ ನೋಡುತ್ತಿದ್ದಳು. ನೋಂದಾಯಿತ ಔಷಧತಜ್ಞರೊಬ್ಬರು ಕೌಂಟರಿನಲ್ಲಿ ಇರಲೇಬೇಕೆಂಬುದು ಕಾಯಿದೆ. ಆ ಪತ್ರ ಗೋಡೆಯ ಮೇಲಿದ್ದರೆ ಅಂಗಡಿ ತೆರೆಯಬಹುದು, ಇಲ್ಲದಿದ್ದರೆ ಇಲ್ಲ. ಹುಡುಗಿಗೆ ಈಗ ಐವತ್ತಾರು ವರ್ಷ. ಜಡೆ ಎರಡು ಹೋಗಿ ಒಂದಾಗಿ, ಒಂದು ಹೋಗಿ ಗಂಟಾಗಿತ್ತು. ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದುದು ಸಣ್ಣಕ್ಷರದ ಅಕ್ಕ ಎಂದು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಹೊಟ್ಟೆ ಉರಿಗೆ ಏನಾದರೂ ಕೊಡಿ ಎಂದು ಬಂದವರು ಔಷಧದ ಹೆಸರು ಹೇಳಿದರೆ ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

"ಆ ನೀಲಿ ಪೆಟ್ಟಿಗೇದು ಕೊಡಿ ಅಕ್ಕಾ, ಅಲೆ ಚಿತ್ರ ಇರತ್ತಲ್ಲ, ಅದು."

"ನೀಲಿ ಪೆಟ್ಟಿಗೆ ನನ್ನ ಹತ್ರ ಐದು ಥರ ಇದೆ. ಐದಕ್ಕೂ ಅದೇ ಹೆಸರು, ಅದೇ ಅಲೆ. ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಮುಖ ಒಂದೇ, ಬುದ್ಧಿ ಬೇರೆ ಬೇರೆ. ಒಳಗೇನಿದೆ ಅನ್ನೋದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿರತ್ತೆ. ಅದನ್ನ ಹೇಳು, ಕೊಡ್ತೀನಿ."

ಆದ್ದರಿಂದ ಹೊಟ್ಟೆಯ ಔಷಧಗಳ ಕಪಾಟಿನಲ್ಲಿ ಪೆಟ್ಟಿಗೆಗಳು ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದವು. ದೊಡ್ಡ ಹೆಸರೂ ಅಲೆಯ ಚಿತ್ರವೂ ಗೋಡೆಯ ಕಡೆಗೆ, ಒಳಗಿನ ವಸ್ತುವನ್ನು ಹೇಳುವ ಬಡಪಾಯಿ ಸಾಲು ಹೊರಗೆ. ಕಂಪನಿಯ ಪ್ರತಿನಿಧಿಗಳು ಬಂದಾಗಲೆಲ್ಲ ಅದನ್ನು ಕಂಡು ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. "ನಮ್ಮ ಹೆಸರೇ ಕಾಣಲ್ವಲ್ಲ ಮೇಡಂ" ಎಂದರೆ, "ನಿಮ್ಮ ಹೆಸರಿನಿಂದ ಯಾರ ಹೊಟ್ಟೆ ಉರೀನೂ ಇಳಿಯಲ್ಲಪ್ಪ" ಎಂಬ ಉತ್ತರ ಸಿದ್ಧವಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ಅಂಗಡಿಗೆ ಕೆಲಸಕ್ಕೆಂದು ಇನ್ನೊಬ್ಬಳು ಬಂದಳು. ಬಾಯಿ ಮುಚ್ಚಿದರೆ ಉಸಿರು ಕಟ್ಟೀತೇನೋ ಎಂಬಂತೆ ಮಾತಾಡುತ್ತಿದ್ದ ಅವಳಿಗೆ ಮೊದಲ ವಾರದಲ್ಲೇ ರೇಡಿಯೋ ಎಂದು ಹೆಸರು ಬಿತ್ತು, ಅವಳೂ ಅದನ್ನು ಬಿರುದಿನಂತೆ ಹೊತ್ತುಕೊಂಡಳು. ಅಕ್ಕ ಅವಳಿಗೆ ಕಲಿಸಿದ ಮೊದಲ ಪಾಠವೇ ಆ ನೀಲಿ ಪೆಟ್ಟಿಗೆಗಳದು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಐದನ್ನೂ ಕೌಂಟರಿನ ಮೇಲೆ ಸಾಲಾಗಿ ಜೋಡಿಸಿ, ಹಿತ್ತಲ ತೊಟ್ಟಿಯ ಕಡೆಗೆ ಬೆರಳು ತೋರಿಸಿ ಹೇಳಿದರು:

"ಹೊಟ್ಟೇನ ಆ ತೊಟ್ಟಿ ಅಂದ್ಕೋ. ಆಮ್ಲ ಅದರ ನೀರು. ಈ ಬಾಟಲಿಯ ಜೆಲ್‌ನಲ್ಲಿ ಏನಿದೆ ಓದು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಷಿಯಂ ಹೈಡ್ರಾಕ್ಸೈಡ್, ಜೊತೆಗೆ ಗಾಳಿಗುಳ್ಳೆ ಒಡೆಯೋಕೆ ಸಿಮೆಥಿಕೋನ್. ಈ ಅಗಿಯೋ ಮಾತ್ರೇಲಿ ಕ್ಯಾಲ್ಸಿಯಂ ಕಾರ್ಬೊನೇಟ್. ಇವೆರಡೂ ಈಗಾಗಲೇ ತೊಟ್ಟೀಲಿ ತುಂಬಿರೋ ಆಮ್ಲಾನ ಸಪ್ಪೆ ಮಾಡ್ತವೆ. ನಿಮಿಷದಲ್ಲಿ ಕೆಲಸ, ಗಂಟೆ ಎರಡು ಗಂಟೇಲಿ ಮುಗೀತು. ಈ ಸಣ್ಣ ಮಾತ್ರೇಲಿ ಫ್ಯಾಮೊಟಿಡಿನ್. ಇದು ನಲ್ಲೀನ ಸಣ್ಣದು ಮಾಡತ್ತೆ. ಶುರುವಾಗೋಕೆ ಒಂದು ಗಂಟೆ ಹಿಡಿದರೂ ಅರ್ಧ ದಿನ ನಿಲ್ಲತ್ತೆ. ಕ್ಯಾಪ್ಸೂಲಿನಲ್ಲಿ ಒಮೆಪ್ರಜೋಲ್. ಅದು ನೀರು ತಳ್ಳೋ ಪಂಪಿಗೇ ಕೈ ಹಾಕತ್ತೆ. ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಬೇಕು, ಪೂರ್ತಿ ಗುಣ ಕಾಣೋಕೆ ಮೂರು ನಾಲ್ಕು ದಿನ ಬೇಕು. ಉರಿ ಹತ್ತಿದ ಮೇಲೆ ಇದನ್ನ ನುಂಗಿ 'ಯಾಕೆ ಇಳೀಲಿಲ್ಲ' ಅಂತ ಜಗಳಕ್ಕೆ ಬರ್ತಾರೆ."

"ಐದನೇದು?"

"ಅದೇ ಕ್ಯಾಪ್ಸೂಲು, ಆದ್ರೆ ವಾಂತಿಗೆ ಕೊಡೋ ಡೊಂಪೆರಿಡೋನ್ ಸೇರಿದೆ. ಹೃದಯದ ಬಡಿತ ಏರುಪೇರು ಇರೋರಿಗೆ ಆ ಒಂದು ಪದ ದೊಡ್ಡ ಪದ."

"ಅಯ್ಯೋ ಅಕ್ಕಾ, ನಾನು ಎಲ್ಲಾನೂ 'ಗ್ಯಾಸಿಂದು' ಅಂತ ಒಂದೇ ಡಬ್ಬಿಗೆ ಹಾಕಿದ್ದೆ!"

"ಹಾಗೆ ಹಾಕೋರು ಬಹಳ ಜನ ಇದಾರೆ. ನಾವಿಬ್ರು ಹಾಕ್ಬಾರದು, ಅಷ್ಟೆ."

ಆ "ನಾವಿಬ್ರು" ಎಂಬ ಮಾತು ಹತ್ತೊಂಬತ್ತು ವರ್ಷ ಅಳಿಯದೆ ಉಳಿಯಿತು. ರೇಡಿಯೋಗೆ ಹೆರಿಗೆಯಾದಾಗ ಬಾಣಂತಿಯ ಕೋಣೆಯ ಕುರ್ಚಿಯಲ್ಲಿ ಕೂತಿದ್ದವರು ಅಕ್ಕ. ಅಕ್ಕನ ಗಂಡ ತೀರಿಕೊಂಡಾಗ ಮೂರು ತಿಂಗಳು ಪ್ರತಿ ಬೆಳಗ್ಗೆ ಬಂದು ಬಾಗಿಲು ತಟ್ಟಿ, "ಏಳಿ, ತಲೆ ಬಾಚ್ಕೊಳ್ಳಿ, ಅಂಗಡಿಗೆ ಹೊತ್ತಾಯ್ತು" ಎಂದು ಎಳೆದುಕೊಂಡು ಹೋದವಳು ರೇಡಿಯೋ.

ಎರಡು ವರ್ಷದ ಹಿಂದೆ ಅಕ್ಕನ ಕಣ್ಣಿನ ನಡುವೆ ಒಂದು ಮಸಿ ಕೂತಿತು. ದಾರಿ ಕಾಣುತ್ತಿತ್ತು, ಬಾಗಿಲು ಕಾಣುತ್ತಿತ್ತು, ಜನರ ಕಿವಿ ಹೆಗಲುಗಳೂ ಕಾಣುತ್ತಿದ್ದವು. ಆದರೆ ಯಾವುದನ್ನು ನೆಟ್ಟು ನೋಡುತ್ತಾರೋ ಅದೇ ಕರಗಿ ಹೋಗುತ್ತಿತ್ತು. ಕಣ್ಣಿನ ವೈದ್ಯರು ದೀಪ ಹಿಡಿದು ಬಹಳ ಹೊತ್ತು ನೋಡಿ, ಅಕ್ಷಿಪಟದ ನಡುಭಾಗ ಸವೆದಿದೆ, ಕನ್ನಡಕ ಬದಲಿಸಿ ಪ್ರಯೋಜನವಿಲ್ಲ, ಬಲವಾದ ಭೂತಗನ್ನಡಿ ಹಿಡಿದು ಓರೆನೋಟದಲ್ಲಿ ಓದುವುದನ್ನು ರೂಢಿಸಿಕೊಳ್ಳಬೇಕು ಎಂದರು. ಅಕ್ಕ ಭೂತಗನ್ನಡಿ ಕೊಂಡರು. ಮನೆಯಲ್ಲಿ ಒಂದು ಸಾಲು ಓದಲು ಎರಡು ನಿಮಿಷ ಹಿಡಿಯಿತು. ಅದನ್ನು ಅಂಗಡಿಗೆ ತರಲು ಮನಸ್ಸು ಬರಲಿಲ್ಲ. ಸಣ್ಣಕ್ಷರದ ಅಕ್ಕ ಸಣ್ಣಕ್ಷರಕ್ಕೆ ಗಾಜು ಹಿಡಿದು ನಿಂತರೆ ಸಾಲಿನಲ್ಲಿ ನಿಂತವರು ಏನೆಂದಾರು, ಅಂಗಡಿಯ ಯಜಮಾನರು ಏನೆಂದಾರು? ಕೌಂಟರು ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ.

ವಿಷಯವನ್ನು ಹೇಳಿದ್ದು ಒಬ್ಬಳಿಗೇ. ಗೋದಾಮಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು ರೇಡಿಯೋ ಅತ್ತೇಬಿಟ್ಟಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ನಿಮ್ಮ ಕಣ್ಣು ಹೋದ್ರೆ ನನ್ನ ಬಾಯಿ ಇದೆಯಲ್ಲ. ನಾನು ಓದ್ತೀನಿ, ನೀವು ಕೊಡಿ. ಯಾರಿಗೂ ಗೊತ್ತಾಗಲ್ಲ."

ಮರುದಿನದಿಂದ ಅಂಗಡಿಯಲ್ಲಿ ಹೊಸ ಪದ್ಧತಿ ಶುರುವಾಯಿತು. ಕಪಾಟಿನಿಂದ ಪೆಟ್ಟಿಗೆ ತೆಗೆಯುವವಳು ರೇಡಿಯೋ. ಒಳಗಿನ ವಸ್ತು ಮತ್ತು ಪ್ರಮಾಣವನ್ನು ಗಟ್ಟಿಯಾಗಿ ಓದುವವಳೂ ಅವಳೇ. ಅಕ್ಕ ಕೇಳಿ, ಚೀಟಿಯಲ್ಲಿ ವೈದ್ಯರು ಬರೆದದ್ದನ್ನೂ ಅವಳಿಂದಲೇ ಓದಿಸಿ, ಎರಡೂ ಒಂದೇ ಎಂದು ಮನದಟ್ಟಾದ ಮೇಲೆ ಗಿರಾಕಿಯ ಕೈಗೆ ಕೊಡುತ್ತಿದ್ದರು. ಜನಕ್ಕೆ ಅದು ಬಹಳ ಹಿಡಿಸಿತು. ಎರಡು ಬಾಯಿ ಪರೀಕ್ಷೆ ಮಾಡಿ ಕೊಡುವ ಅಂಗಡಿ ಎಂದು ದೂರದವರೂ ಬರತೊಡಗಿದರು. ಯಜಮಾನರು ಕೂತಲ್ಲಿಂದಲೇ ನಗುತ್ತಿದ್ದರು. ಅಕ್ಕನನ್ನು ಮೊದಲ ದಿನದಿಂದ ತಂಗಿ ಎಂದು ಕರೆದವರು ಅವರು. ಅಕ್ಕನೂ ಅಣ್ಣ ಎಂದೇ ಮಾತಾಡಿಸುತ್ತಿದ್ದರು.

ತಿಂಗಳಿಗೊಮ್ಮೆ ಬರುವವರಲ್ಲಿ ಒಬ್ಬರು ರಟ್ಟಿನ ಮಾಮ. ಪುಸ್ತಕಗಳಿಗೆ ರಟ್ಟು ಹಾಕಿ, ಬೆನ್ನಿಗೆ ಬಟ್ಟೆ ಅಂಟಿಸಿ, ಚಿನ್ನದ ಬಣ್ಣದಲ್ಲಿ ಹೆಸರು ಅಚ್ಚೊತ್ತುವ ಕೆಲಸ ಅವರದು. ಎಪ್ಪತ್ತು ದಾಟಿದರೂ ಸೂಜಿ ಬಿಟ್ಟಿರಲಿಲ್ಲ. ಅವರ ಮೂತ್ರಪಿಂಡಗಳು ಅರ್ಧಕ್ಕಿಂತ ಹೆಚ್ಚು ಸೋತಿದ್ದವು. ಹೊಟ್ಟೆ ಉರಿಗೆ ಅವರ ವೈದ್ಯರು ಬರೆದದ್ದು ಕ್ಯಾಲ್ಸಿಯಂ ಕಾರ್ಬೊನೇಟಿನ ಅಗಿಯುವ ಮಾತ್ರೆ, ಅದೂ ಎಣಿಸಿಕೊಂಡು. ಚೀಟಿಯ ಕೆಳಗೆ ಅಡ್ಡಗೆರೆ ಎಳೆದು ಸೇರಿಸಿದ್ದರು: ಮೆಗ್ನೀಷಿಯಂ, ಅಲ್ಯೂಮಿನಿಯಂ ಇರುವುದು ಯಾವುದೂ ಬೇಡ. ಸೋತ ಮೂತ್ರಪಿಂಡ ಅವನ್ನು ಹೊರಗೆ ಹಾಕಲಾರದು. ರಕ್ತದಲ್ಲೇ ಉಳಿದು ಏರುತ್ತ ಹೋಗುತ್ತವೆ.

"ಮಾಮ, ನೀವೂ ಒಂದ್ಸಲ ಓದಿ ನೋಡ್ಕೊಳ್ಳಿ" ಎಂದು ಅಕ್ಕ ಪ್ರತಿ ಸಲ ಹೇಳುತ್ತಿದ್ದರು.

"ಜೀವಮಾನವೆಲ್ಲ ಬೇರೆಯವರ ಪುಸ್ತಕ ಹೊಲಿದಿದೀನಿ, ಒಂದನ್ನೂ ಓದಿಲ್ಲ. ನಿನ್ನ ಡಬ್ಬಿ ಓದ್ಲಾ? ನೀನು ಓದಿದೀಯಲ್ಲಮ್ಮ, ಸಾಕು ಬಿಡು."

ಆ ಮಾತು ಬಿದ್ದಾಗಲೆಲ್ಲ ಅಕ್ಕನ ಎದೆಯಲ್ಲಿ ಮುಳ್ಳು ಆಡಿದಂತಾಗುತ್ತಿತ್ತು. ಆದರೆ ಪಕ್ಕದಲ್ಲೇ ರೇಡಿಯೋ ಗಂಟೆ ಬಾರಿಸಿದಂತೆ ಓದುತ್ತಿದ್ದಳು: "ಪ್ರತಿ ಅಗಿಯುವ ಮಾತ್ರೆಯಲ್ಲಿ, ಕ್ಯಾಲ್ಸಿಯಂ ಕಾರ್ಬೊನೇಟ್ ಐನೂರು ಮಿಲಿಗ್ರಾಂ." ಮುಳ್ಳು ಸುಮ್ಮನಾಗುತ್ತಿತ್ತು.

ಒಂದು ತಿಂಗಳು ಮಾಮ ಪೆಟ್ಟಿಗೆ ಕೊಂಡು ಹೋದವರು ಮುಂದಿನ ತಿಂಗಳು ಬಂದಾಗ ಬಾಯಿ ಚಪ್ಪರಿಸಿ ಹೇಳಿದರು: "ಹೋದ ಸಲದ್ದರಲ್ಲಿ ಸುಣ್ಣದ ರುಚಿ ಇಲ್ವೇ ಇಲ್ಲಮ್ಮ. ಪುದೀನ, ಪುದೀನ! ಮೇಕೆ ಹಾಗೆ ಸೊಪ್ಪು ಮೇಯ್ತಾ ಇದೀನಿ ಅನ್ಸತ್ತೆ."

ಅಕ್ಕನ ಕೈ ನಿಂತಿತು. "ರೇಡಿಯೋ, ಇನ್ನೊಂದ್ಸಲ ಓದು."

"ಓದಿದ್ನಲ್ಲಕ್ಕ."

"ಇನ್ನೊಂದ್ಸಲ ಓದು ಮಾರಾಯ್ತಿ. ನಿಧಾನಕ್ಕೆ."

"ಕ್ಯಾಲ್ಸಿಯಂ. ಕಾರ್ಬೊನೇಟ್. ಐನೂರು. ಮಿಲಿಗ್ರಾಂ. ಸಾಕಾ? ರುಚಿ ಬದಲಾಯಿಸಿದಾರೆ ಮಾಮ, ನಿಮ್ಮಂಥ ಹುಡುಗರಿಗೆ ಇಷ್ಟ ಆಗ್ಲಿ ಅಂತ!"

ಮಾಮ ನಕ್ಕರು. ಅಂಗಡಿಯೇ ನಕ್ಕಿತು. ಅಕ್ಕ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟರು.

ಮೂರು ವಾರ ಕಳೆದ ಮೇಲೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಕೌಂಟರಿನ ಮುಂದೆ ಏಳೆಂಟು ಜನ ನಿಂತಿರುವಾಗ ಮಾಮನ ಮಗಳು ಬಂದಳು. ಶಾಲೆಯೊಂದರಲ್ಲಿ ಗುಮಾಸ್ತೆಯಾಗಿದ್ದ, ಎಂದೂ ದನಿ ಎತ್ತಿ ಮಾತಾಡದ ಹೆಂಗಸು. ಅವಳ ಒಂದು ಕೈಯಲ್ಲಿ ಆಸ್ಪತ್ರೆಯ ಕಾಗದ, ಇನ್ನೊಂದರಲ್ಲಿ ನೀಲಿ ಪೆಟ್ಟಿಗೆ.

"ಅಕ್ಕ, ಅಪ್ಪನ್ನ ಆಸ್ಪತ್ರೆಗೆ ಸೇರಿಸಿದೀವಿ. ಹದಿನೈದು ದಿನದಿಂದ ಭೇದಿ, ಕೈಕಾಲಲ್ಲಿ ಬಲ ಇಲ್ಲ, ಕೂತಲ್ಲೇ ತೂಕಡಿಸ್ತಾರೆ. ವಯಸ್ಸಾಯ್ತು ಅಂದ್ಕೊಂಡ್ವಿ. ಇವತ್ತು ರಕ್ತ ನೋಡಿ ಡಾಕ್ಟ್ರು, ಮೆಗ್ನೀಷಿಯಂ ಇಷ್ಟೊಂದು ಹೇಗೆ ಏರ್ತು, ಏನೇನು ತಿಂತಾರೋ ಎಲ್ಲ ತನ್ನಿ ಅಂದ್ರು. ಇದನ್ನ ನೋಡಿದ ತಕ್ಷಣ ಬೈದ್ರು. ಇದು ಇಲ್ಲೀದೇ ಅಲ್ವಾ?"

ಯಜಮಾನರು ಕುರ್ಚಿ ಸರಿಸಿ ಎದ್ದು ಬಂದು ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ಓದಿದರು: "ಒಣ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಜೆಲ್... ಮೆಗ್ನೀಷಿಯಂ ಹೈಡ್ರಾಕ್ಸೈಡ್... ಸಿಮೆಥಿಕೋನ್."

ಕ್ಯಾಲ್ಸಿಯಂ ಎಂಬ ಪದವೇ ಬರಲಿಲ್ಲ. ಅಕ್ಕ ಇನ್ನೂ ಬಂದೀತೆಂದು ಕಾಯುತ್ತಿದ್ದರು. ಅದೇ ಹೆಸರು, ಅದೇ ಅಲೆ, ಅಗಿಯುವ ಮಾತ್ರೆಯೇ; ಕಂಪನಿ ಹಳೆಯದನ್ನು ನಿಲ್ಲಿಸಿ ಒಳಗಿನ ವಸ್ತುವನ್ನೇ ಬದಲಿಸಿ, ಮೂಲೆಯಲ್ಲೊಂದು ಸಣ್ಣ ಹಳದಿ ನಕ್ಷತ್ರ ಅಂಟಿಸಿ ಹೊಸದೆಂದು ಸಾರಿತ್ತು. ಅದು ಬಂದು ಕೂತದ್ದು ಕ್ಯಾಲ್ಸಿಯಂ ಸಾಲಿನಲ್ಲಿ.

"ರೇಡಿಯೋ," ಅಕ್ಕ ತಿರುಗಿದರು, "ನೀನು ಓದಿದ್ದೆಯಲ್ಲ. ಎರಡು ಸಲ ಓದ್ಸಿದ್ದೆ."

ರೇಡಿಯೋ ಅಕ್ಕನ ಕಡೆ ನೋಡಲಿಲ್ಲ. ನೋಡಿದ್ದರೂ ಆ ಮುಖ ಅಕ್ಕನಿಗೆ ಮಸಿಯಾಗಿಯೇ ಕಾಣುತ್ತಿತ್ತು. ಅವಳು ಮಾತಾಡಿದ್ದು ಗಿರಾಕಿಗಳ ಕಡೆಗೆ, ಅದೇ ಗಂಟೆಯಂಥ ದನಿಯಲ್ಲಿ: "ಕೊಟ್ಟಿದ್ದು ಅಕ್ಕ. ಔಷಧತಜ್ಞರು ಅವರು, ನಾನಲ್ಲ. ಅವರಿಗೆ ಎರಡು ವರ್ಷದಿಂದ ಅಕ್ಷರವೇ ಕಾಣಲ್ಲ. ಎಷ್ಟು ದಿನ ಅಂತ ನಾನು ಮುಚ್ಚಿಡ್ಲಿ?"

ಸಾಲಿನಲ್ಲಿದ್ದ ಒಬ್ಬರು ತಾವು ಆಗಷ್ಟೇ ಕೊಂಡ ಔಷಧವನ್ನು ಚೀಲದಿಂದ ಮೆಲ್ಲಗೆ ಹೊರತೆಗೆದು ತಿರುಗಿಸಿ ನೋಡತೊಡಗಿದರು. ಆ ಪ್ಲಾಸ್ಟಿಕ್ಕಿನ ಚರಚರ ಸದ್ದು ಅಕ್ಕನಿಗೆ ಬಹಳ ದಿನ ಕಿವಿಯಲ್ಲಿ ಉಳಿಯಿತು.

"ತಂಗಿ, ಇವತ್ತು ನೀನು ಮನೆಗೆ ಹೋಗು" ಎಂದರು ಯಜಮಾನರು. ಮೃದುವಾಗಿಯೇ ಅಂದರು. ಕಣ್ಣು ಕಾಣದಿರುವುದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಹೊತ್ತಿನಲ್ಲಿ ಅದು ಅಕ್ಕನಿಗೆ ದಯೆಯೆಂದೇ ತೋರಿತು.

ಅಕ್ಕ ಮನೆಗೆ ಹೋಗಲಿಲ್ಲ. ಮೊದಲು ಆಸ್ಪತ್ರೆಗೆ ಹೋದರು. ಮಾಮನಿಗೆ ನಾಳದ ಮೂಲಕ ಔಷಧ ಇಳಿಯುತ್ತಿತ್ತು, ನಿದ್ದೆಯಲ್ಲಿದ್ದರು. ಎದೆಬಡಿತವನ್ನು ಯಂತ್ರದಲ್ಲಿ ಗಮನಿಸುತ್ತಿದ್ದೇವೆ, ಮಾತ್ರೆ ನಿಂತಿದೆಯಲ್ಲ, ಇಳಿಯಬೇಕು ಎಂದರು ದಾದಿ. ಬೇಕು ಎಂದರು, ಇಳಿಯುತ್ತದೆ ಎನ್ನಲಿಲ್ಲ.

ಆಮೇಲೆ ಮಗಳ ಜೊತೆ ಮಾಮನ ಕೆಲಸದ ಕೋಣೆಗೆ ನಡೆದರು. ಮಾಮ ಖಾಲಿ ಪೆಟ್ಟಿಗೆಗಳನ್ನು ಎಸೆಯುವವರಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಪ್ರತಿಯೊಂದನ್ನೂ ಸೀಳಿ ಚಪ್ಪಟೆ ಮಾಡಿ, ಪುಸ್ತಕದ ಬೆನ್ನಿಗೆ ಒಳಗಟ್ಟಾಗಿ ಬಳಸಲೆಂದು ಒತ್ತುಯಂತ್ರದ ಪಕ್ಕದಲ್ಲಿ ಪೇರಿಸುತ್ತಿದ್ದರು. ಯಾವುದು ಹಳೆಯದೆಂದು ತಿಳಿಯಲಿ ಎಂದು ಒಳಮೈಯಲ್ಲಿ ಪೆನ್ಸಿಲಿನಿಂದ ತಿಂಗಳು ಬರೆದಿಡುತ್ತಿದ್ದರು. ಅಂಟಿನ ಹುಳಿವಾಸನೆ ತುಂಬಿದ ಆ ಕೋಣೆಯಲ್ಲಿ ನೀಲಿ ಹಾಳೆಗಳು ಎಂಟು ಸಿಕ್ಕವು, ಮಗಳ ಕೈಯಲ್ಲಿದ್ದ ಪೆಟ್ಟಿಗೆ ಸೇರಿ ಒಂಬತ್ತು.

ಮಗಳು ಓದಲು ಕೈ ಚಾಚಿದಳು.

"ಬೇಡಮ್ಮ" ಎಂದರು ಅಕ್ಕ. "ಇದನ್ನ ನಾನೇ ಓದ್ತೀನಿ."

ಚಿನ್ನದ ಅಕ್ಷರ ಕೂರಿಸಲು ಮಾಮ ಬಳಸುವ ದಪ್ಪ ಭೂತಗನ್ನಡಿ ಮೇಜಿನ ಮೇಲಿತ್ತು. ಅಕ್ಕ ಅದನ್ನು ಹಾಳೆಯ ಮೇಲಿಟ್ಟು, ದೃಷ್ಟಿಯನ್ನು ಸಾಲಿಗಿಂತ ತುಸು ಮೇಲಕ್ಕೆ ಓರೆಯಾಗಿ ನಿಲ್ಲಿಸಿ, ಒಂದೊಂದೇ ಅಕ್ಷರವನ್ನು ಹಿಡಿದು ತಂದರು. ಕತ್ತು ನೋಯಿತು, ಕಣ್ಣಲ್ಲಿ ನೀರು ಸುರಿಯಿತು. ಕಿಟಕಿಯ ಬಿಸಿಲು ಮೇಜಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಹೊತ್ತು ಹಿಡಿಯಿತು.

ತಳದ ನಾಲ್ಕು ಹಾಳೆಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಐನೂರು ಮಿಲಿಗ್ರಾಂ. ಅವುಗಳ ಮೇಲಿನ ಮೂರರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಏಳುನೂರ ಐವತ್ತು. ಎಲ್ಲಕ್ಕೂ ಮೇಲಿನ ಒಂದರಲ್ಲೂ ಮಗಳ ಕೈಯ ಪೆಟ್ಟಿಗೆಯಲ್ಲೂ ಹಳದಿ ನಕ್ಷತ್ರ, ಮೆಗ್ನೀಷಿಯಂ.

ಅಕ್ಕ ಗಾಜನ್ನು ಕೆಳಗಿಟ್ಟರು. ನಕ್ಷತ್ರದ ಪೆಟ್ಟಿಗೆ ಬಂದಾಗ ಅವಸರದಲ್ಲಿ ಕಣ್ತಪ್ಪಿರಬಹುದು, ಮನುಷ್ಯರಲ್ಲವೇ, ಎಂದು ದಾರಿಯುದ್ದಕ್ಕೂ ತಮಗೆ ತಾವೇ ಸಮಾಧಾನ ಹೇಳಿಕೊಂಡು ಬಂದಿದ್ದರು. ಆದರೆ ಐನೂರು ಏಳುನೂರ ಐವತ್ತಾಗಿ ಐದು ತಿಂಗಳಾಗಿತ್ತು. ಎಣಿಸಿಕೊಂಡು ಅಗಿಯಬೇಕಾದ ಮನುಷ್ಯನಿಗೆ ಪ್ರತಿ ಮಾತ್ರೆಯಲ್ಲೂ ಒಂದೂವರೆ ಪಾಲು ಹೋಗಿತ್ತು, ಅದೇನೂ ಸಣ್ಣ ವಿಷಯವಲ್ಲ. ಆ ಐದೂ ತಿಂಗಳು ರೇಡಿಯೋ ಐನೂರು ಎಂದೇ ಹೇಳಿದ್ದಳು. ಐದು ಸಲ, ಮತ್ತೆ ಓದು ಎಂದಾಗ ಆರನೆಯ ಸಲ. ಅವಳು ಓದುತ್ತಿರಲಿಲ್ಲ. ಪೆಟ್ಟಿಗೆ ಕೈಗೆ ಬಂದೊಡನೆ ಬಾಯಿಪಾಠ ಒಪ್ಪಿಸುತ್ತಿದ್ದಳು. ಸಾಲು ಯಾವುದೆಂದು ಕಲಿಸಿಕೊಟ್ಟವರ ಎದುರಿಗೇ, ಕಲಿಸಿಕೊಟ್ಟ ಮಾತುಗಳನ್ನೇ.

ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಅಕ್ಕ ಹೋದರು. ಯಜಮಾನರು ಬಂದಿದ್ದರು, ರೇಡಿಯೋ ನೆಲ ಒರೆಸುತ್ತಿದ್ದಳು. ಅಕ್ಕ ಏಳುನೂರ ಐವತ್ತರ ಹಾಳೆಯನ್ನು ಕೌಂಟರಿನ ಮೇಲಿಟ್ಟರು.

"ಯಾವಾಗಿಂದ ಓದೋದು ಬಿಟ್ಟೆ?"

ರೇಡಿಯೋ ಹಾಳೆ ನೋಡಿದಳು. ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. "ಅಕ್ಕ, ದಿನಕ್ಕೆ ಇನ್ನೂರು ಪೆಟ್ಟಿಗೆ. ನಿನ್ನೆ ಓದಿದ್ದನ್ನೇ ಇವತ್ತು, ಇವತ್ತು ಓದಿದ್ದನ್ನೇ ನಾಳೆ. ನನಗೂ ಮನೆ ಇದೆ, ಮಕ್ಕಳಿದಾರೆ, ತಲೆನೋವಿದೆ. ನಿಮ್ಮ ಎರಡು ಕಣ್ಣು ನನ್ನ ಹೆಗಲ ಮೇಲೆ ಹೊತ್ಕೊಂಡು ಎಷ್ಟು ವರ್ಷ ಓಡಾಡ್ಲಿ?"

"ಭಾರ ಆದ್ರೆ ಕೆಳಗಿಡಬೇಕಿತ್ತು. ನನಗೆ ಒಂದು ಮಾತು ಹೇಳಬೇಕಿತ್ತು."

"ಹೇಳಿದೆ!" ರೇಡಿಯೋಳ ದನಿ ಒಡೆಯಿತು. "ನಿಮಗಲ್ಲ. ಅವರಿಗೆ ಹೇಳಿದೆ. ಎಂಟು ತಿಂಗಳಾಯ್ತು. ಅಕ್ಕನಿಗೆ ಕಣ್ಣು ಕಾಣಲ್ಲ, ನನ್ನಿಂದ ಆಗ್ತಿಲ್ಲ, ಏನಾದ್ರೂ ಮಾಡಿ ಅಂದೆ. ಬೇಕಾದ್ರೆ ಕೇಳಿ."

ಅಕ್ಕ ಕೇಳಲಿಲ್ಲ. ನಿನ್ನೆಯ ಮೃದು ದನಿ, ಒಂದೂ ಪ್ರಶ್ನೆಯಿಲ್ಲದ ಆ ದಯೆ, ಈಗ ಅರ್ಥವಾಯಿತು. ಗೊತ್ತಿದ್ದವರು ಪ್ರಶ್ನೆ ಕೇಳುವುದಿಲ್ಲ.

ಯಜಮಾನರು ಆ ಹಾಳೆಯನ್ನು ಒಂದು ಪಕ್ಕಕ್ಕೆ ಸರಿಸಿದರು. "ನಿನ್ನ ಮನಸ್ಸಿಗೆ ನೋವಾಗತ್ತೆ ಅಂತ ಸುಮ್ಮನಿದ್ದೆ ತಂಗಿ. ಇಷ್ಟು ವರ್ಷದ ಸಂಬಂಧ. ಜನ ನಿನ್ನ ಮುಖ ನೋಡಿ ಬರ್ತಾರೆ..."

"ನನ್ನ ಮುಖ ಅಲ್ಲ ಅಣ್ಣ. ಅದು." ಅಕ್ಕ ಗೋಡೆಯ ಕಡೆ ತಿರುಗದೆಯೇ ಪ್ರಮಾಣಪತ್ರವಿದ್ದ ಜಾಗಕ್ಕೆ ಕೈ ತೋರಿಸಿದರು. "ಹೊಸಬರನ್ನ ಹುಡುಕೋ ತಾಪತ್ರಯ ಬೇಡ ಅಂತ ಮೊಳೆಗೆ ಅದನ್ನ ತೂಗುಹಾಕಿದ ಹಾಗೆ ಕೌಂಟರಿಗೆ ನನ್ನ ತೂಗುಹಾಕಿದ್ರಿ. ಇವಳು ಓದ್ತಿದಾಳಾ ಅಂತ ಒಂದು ದಿನವಾದ್ರೂ ಎದ್ದು ಬಂದು ನೋಡಿದ್ರಾ?"

ಅವರು ಮೇಜಿನ ಡ್ರಾಯರಿನಿಂದ ಬಿಳಿ ಹಾಳೆಯೊಂದನ್ನು ತೆಗೆದು ಅಕ್ಕನ ಮುಂದೆ ಸರಿಸಿದರು. "ಆದದ್ದಾಯ್ತು. ಓದದೆ ಕೊಟ್ಟೆ, ನನ್ನ ತಪ್ಪು ಅಂತ ಎರಡು ಸಾಲು ಬರೆದುಕೊಡು. ವಿಷಯ ಇಲ್ಲಿಗೇ ಮುಗಿಸೋಣ. ಮನೆಯವರ ಹಾಗೆ."

ಅಕ್ಕ ಬರೆದರು. ಸಾಲು ಕಾಣದ್ದರಿಂದ ಎಡಗೈಯ ಬೆರಳನ್ನು ಹಾಳೆಯ ಮೇಲೆ ಗೆರೆಯಂತೆ ಇಟ್ಟುಕೊಂಡು, ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದರು. ತನಗೆ ಎರಡು ವರ್ಷದಿಂದ ಸಣ್ಣಕ್ಷರ ಕಾಣುವುದಿಲ್ಲ. ಅದನ್ನು ಮುಚ್ಚಿಟ್ಟು ಕೌಂಟರಿನಲ್ಲಿ ನಿಂತದ್ದು ತನ್ನದೇ ತಪ್ಪು, ಅದಕ್ಕೆ ಬೇರೆ ಯಾರೂ ಹೊಣೆಯಲ್ಲ. ಓದುತ್ತೇನೆಂದವಳು ಓದಲಿಲ್ಲ. ಇದೆಲ್ಲ ಯಜಮಾನರಿಗೆ ಎಂಟು ತಿಂಗಳಿಂದ ಗೊತ್ತಿತ್ತು. ಬರೆದದ್ದನ್ನು ಮೂರು ಪ್ರತಿ ಮಾಡಿ, ಒಂದನ್ನು ಅಲ್ಲಿಟ್ಟರು. ಒಂದು ಮಾಮನ ಮಗಳಿಗೆ, ಇನ್ನೊಂದು ಔಷಧ ನಿಯಂತ್ರಣದ ಕಚೇರಿಗೆ ಎಂದು ಹೇಳಿ ಮಡಿಚಿಕೊಂಡರು.

ಆಮೇಲೆ ಸಣ್ಣ ಏಣಿಯನ್ನು ಎಳೆದು, ಗಡಿಯಾರಕ್ಕೂ ಸಿಲಿಂಡರಿಗೂ ನಡುವೆ ನಿಲ್ಲಿಸಿ ಹತ್ತಿದರು.

"ಅಕ್ಕ, ಬೀಳ್ತೀರಿ!" ಎಂದು ರೇಡಿಯೋ ಓಡಿಬಂದು ಏಣಿ ಹಿಡಿದಳು.

"ಬಿಡು."

"ಹಿಡ್ಕೋತೀನಿ ಅಕ್ಕ, ಅಲ್ಲಾಡ್ತಿದೆ..."

"ಕೈ ಬಿಡು ಅಂದೆ. ನೀನು ಹಿಡಿದಿದೀಯ ಅಂತ ನಂಬ್ಕೊಂಡು ನಿಂತದ್ದು ಸಾಕು."

ಚೌಕಟ್ಟು ತೆಗೆದ ಮೇಲೆ ಗೋಡೆಯಲ್ಲಿ ಒಂದು ಬಿಳಿಯ ಚೌಕ ಉಳಿಯಿತು. ಸುತ್ತಲ ಬಣ್ಣ ಎಷ್ಟು ಮಾಸಿತ್ತೆಂಬುದು ಆಗ ಗೊತ್ತಾಯಿತು. ಅಕ್ಕ ಹೊರಗೆ ಕಾಲಿಟ್ಟು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಹಿಂದಿನಿಂದ ಉಕ್ಕಿನ ಬಾಗಿಲು ಗರಗರನೆ ಕೆಳಗಿಳಿಯುವ ಸದ್ದು ಕೇಳಿಸಿತು. ಪತ್ರವಿಲ್ಲದೆ ತೆರೆದಿರುವಂತಿರಲಿಲ್ಲ.

ಮಾಮನ ರಕ್ತದಲ್ಲಿ ಏರಿದ್ದು ಇಳಿಯಿತು. ಹನ್ನೊಂದನೆಯ ದಿನ ಅವರು ಮನೆಗೆ ಬಂದರು. ಸೂಜಿಗೆ ದಾರ ಪೋಣಿಸಲು ಇನ್ನೂ ಬೆರಳು ನಡುಗುತ್ತಿತ್ತು, ಮಾತು ಮಾತ್ರ ಮೊದಲಿನಂತೆಯೇ ಇತ್ತು. ಅಕ್ಕ ಕಾಗದದಲ್ಲಿ ಸುತ್ತಿದ ಚೌಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡೇ ಕೋಣೆಯ ಬಾಗಿಲಲ್ಲಿ ನಿಂತರು. ಅದನ್ನು ಮನೆಯಲ್ಲಿ ಎಲ್ಲಿಡಬೇಕೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ.

"ಒಳಗೆ ಬಾಮ್ಮ. ಏನದು, ರಟ್ಟು ಹಾಕಬೇಕಾ?"

"ತಪ್ಪೊಪ್ಪಿಕೊಳ್ಳೋಕೆ ಬಂದೆ ಮಾಮ. ನೀನು ಓದಿದೀಯಲ್ಲ ಅಂತ ಪ್ರತಿ ತಿಂಗಳು ಅಂತಿದ್ರಿ. ನಾನು ಓದ್ತಿರಲಿಲ್ಲ. ಓದಿಲ್ಲ ಅಂತ ನಿಮಗೆ ಹೇಳಲಿಲ್ಲ."

ಮಾಮ ಒತ್ತುಯಂತ್ರದ ಹಿಡಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದರು. "ನೀನು ನಂಬಿದ್ದನ್ನೇ ನಾನೂ ನಂಬಿದೆ" ಎಂದರು. "ನಿನಗೆ ಅವಳು. ನನಗೆ ನೀನು." ಕ್ಷಮಿಸಿದೆ ಎನ್ನಲಿಲ್ಲ, ಅಕ್ಕನೂ ಕೇಳಲಿಲ್ಲ.

ಮಗಳು ಆಸ್ಪತ್ರೆಯ ಔಷಧದಂಗಡಿಯಿಂದ ತಂದ ಹೊಸ ಪೆಟ್ಟಿಗೆ ಮೇಜಿನ ಮೇಲಿತ್ತು. ವೈದ್ಯರು ಅಗಿಯುವ ಮಾತ್ರೆಗಳನ್ನೆಲ್ಲ ನಿಲ್ಲಿಸಿ ಫ್ಯಾಮೊಟಿಡಿನ್ ಬರೆದಿದ್ದರು. ಮೂತ್ರಪಿಂಡದ ಸ್ಥಿತಿ ನೋಡಿ ಪ್ರಮಾಣ ಇಳಿಸಿ, ಇಪ್ಪತ್ತು ಮಿಲಿಗ್ರಾಂ, ದಿನ ಬಿಟ್ಟು ದಿನ. ಪೆಟ್ಟಿಗೆ ನೀಲಿಯೇ. ಅದೇ ಹೆಸರು, ಅದೇ ಅಲೆ.

"ಓದ್ತೀಯಾ?" ಎಂದರು ಅಕ್ಕ ಮಗಳಿಗೆ.

"ಪ್ರತಿ ಮಾತ್ರೆಯಲ್ಲಿ ಫ್ಯಾಮೊಟಿಡಿನ್ ಇಪ್ಪತ್ತು ಮಿಲಿಗ್ರಾಂ" ಎಂದಳು ಅವಳು ಒಂದೇ ಉಸಿರಿನಲ್ಲಿ.

ದನಿ ಬೇರೆಯಾದರೂ ಓಟ ಅದೇ ಆಗಿತ್ತು. ಡಾಕ್ಟರ ಚೀಟಿಯಲ್ಲಿ ಇದ್ದದ್ದನ್ನೇ ಹೇಳಿದಳೋ, ಪೆಟ್ಟಿಗೆಯ ಮೇಲಿದ್ದದ್ದನ್ನು ಓದಿದಳೋ, ಹೇಗೆ ತಿಳಿಯುವುದು? ಈ ಹೆಂಗಸು ಎಂದೂ ಸುಳ್ಳು ಹೇಳಿದವಳಲ್ಲ. ರೇಡಿಯೋ ಕೂಡ ಹೇಳಿದವಳಲ್ಲ ಎಂದೇ ನಂಬಿದ್ದರು, ಆ ನೀಲಿ ಹಾಳೆಗಳನ್ನು ಓದುವವರೆಗೆ.

"ಹಿಂದಿನಿಂದ ಓದಮ್ಮ."

"ಹಿಂದಿನಿಂದ?"

"ಕೊನೇ ಪದದಿಂದ ಶುರು ಮಾಡಿ ಮೊದಲಿಗೆ ಬಾ. ಒಂದೊಂದು ಪದಕ್ಕೂ ಬೆರಳಿಡು. ಬಾಯಿಪಾಠ ಹಿಂದಕ್ಕೆ ನಡೆಯಲ್ಲ."

ಮಗಳು ಅಪ್ಪನ ಮುಖ ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ತಂದು, ಬೆರಳನ್ನು ಸಾಲಿನ ತುದಿಗಿಟ್ಟು, ಎಡವುತ್ತ ಎಡವುತ್ತ ಓದತೊಡಗಿದಳು. "ಮಿಲಿಗ್ರಾಂ... ಇಪ್ಪತ್ತು... ಫ್ಯಾಮೊಟಿಡಿನ್... ಮಾತ್ರೆಯಲ್ಲಿ... ಪ್ರತಿ."

ಅಕ್ಕ ಮಗಳ ಬೆರಳಿನ ಪಕ್ಕಕ್ಕೆ ತಮ್ಮ ಬೆರಳನ್ನು ತಂದಿಟ್ಟು, ಅದು ಒಂದೊಂದು ಪದಕ್ಕೂ ನಿಜವಾಗಿ ಸರಿಯುತ್ತಿದೆಯೇ ಎಂದು ಮುಟ್ಟಿ ನೋಡುತ್ತ ಹೋದರು. ಮುಗಿದ ಮೇಲೆ ಚೌಕಟ್ಟನ್ನು ಮೇಜಿನ ಮೂಲೆಯಲ್ಲಿಟ್ಟು, ದಪ್ಪ ಭೂತಗನ್ನಡಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಪೆಟ್ಟಿಗೆಗೆ ಕೈ ಚಾಚಿದರು.

"ಸರಿಯಾಗಿದೆಯಲ್ಲಕ್ಕ?" ಎಂದಳು ಮಗಳು.

"ಇರಬಹುದು. ಕೊಡು ಇಲ್ಲಿ, ಹೊತ್ತು ಹಿಡಿಯತ್ತೆ" ಎಂದು ಅಕ್ಕ ಗಾಜಿನ ಮೇಲೆ ಬಾಗಿದರು.